ನವೀಕರಣದ ದಿನ ಓಟಿಪಿ ಯಾರ ಫೋನಿಗೆ?

1999ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ ಹೊತ್ತಿಗೆ, ಹಾಟ್‌ಮೇಲ್ ಬಳಸುತ್ತಿದ್ದ ಅನೇಕರಿಗೆ ಇದ್ದಕ್ಕಿದ್ದಂತೆ ಲಾಗಿನ್ ಆಗಲು ಆಗಲಿಲ್ಲ. ಲಾಗಿನ್‌ಗೆ ಬೇಕಾಗಿದ್ದ passport.com ಎಂಬ ಡೊಮೈನ್ ಹೆಸರಿನ ನವೀಕರಣ ಶುಲ್ಕ ಕಟ್ಟುವುದನ್ನು ಮೈಕ್ರೋಸಾಫ್ಟ್ ಮರೆತಿತ್ತು. ಕಾರಣವನ್ನು ಪತ್ತೆ ಹಚ್ಚಿದ ಅಮೆರಿಕದ ಪ್ರೋಗ್ರಾಮರ್ ಒಬ್ಬರು ತಮ್ಮ ಕೈಯಿಂದಲೇ 35 ಡಾಲರ್ ಕಟ್ಟಿದರು. 2020ರ ಫೆಬ್ರವರಿ 3ರಂದು ಅದೇ ಕಂಪನಿಯ ಟೀಮ್ಸ್ ಸೇವೆ ಕೆಲವು ಗಂಟೆ ನಿಂತುಹೋಯಿತು. ಆಗ ಅವಧಿ ಮುಗಿದಿದ್ದದ್ದು ಒಂದು ಭದ್ರತಾ ಪ್ರಮಾಣಪತ್ರ.

ಅಷ್ಟು ದೊಡ್ಡ ಕಂಪನಿಗೇ ಆದದ್ದು ಹತ್ತು ಹನ್ನೆರಡು ಜನರ ಕಚೇರಿಗೆ ಇನ್ನೂ ಸುಲಭವಾಗಿ ಆಗುತ್ತದೆ. ಹುಬ್ಬಳ್ಳಿಯಲ್ಲಿ ಹನ್ನೆರಡು ಜನರಿರುವ ಒಂದು ವಿನ್ಯಾಸ ಮತ್ತು ಮುದ್ರಣ ಕಚೇರಿ ಇದೆ ಎಂದುಕೊಳ್ಳೋಣ. ಅಲ್ಲಿ ಲೆಕ್ಕಕ್ಕೆ ಟ್ಯಾಲಿ, ಇಮೇಲ್‌ಗೆ ಗೂಗಲ್ ವರ್ಕ್‌ಸ್ಪೇಸ್, ಜೊತೆಗೆ ವಿನ್ಯಾಸದ ಸಾಫ್ಟ್‌ವೇರ್, ವೆಬ್‌ಸೈಟಿನ ಡೊಮೈನ್, ಮಾಲೀಕರ ಡಿಜಿಟಲ್ ಸಹಿ. ಒಂದೊಂದನ್ನೂ ಒಬ್ಬೊಬ್ಬರು ಬೇರೆ ಬೇರೆ ಕಾಲದಲ್ಲಿ ಕೊಂಡವರು.

ಪಟ್ಟಿ ಮಾಡುವ ಕೆಲಸ ಬ್ಯಾಂಕ್ ಮತ್ತು ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿನಿಂದ ಶುರುವಾಗಬೇಕು. ಮೂರು ತಿಂಗಳದ್ದು ನೋಡಿದರೆ ಸಾಲದು. ವರ್ಷಕ್ಕೊಮ್ಮೆ ಕಡಿತವಾಗುವ ಹಣ ಪೂರ್ತಿ 12 ತಿಂಗಳ ಸ್ಟೇಟ್‌ಮೆಂಟಿನಲ್ಲಷ್ಟೇ ಸಿಗುತ್ತದೆ. ನಂತರ ಸಿಬ್ಬಂದಿ ತಮ್ಮ ಕಾರ್ಡಿನಿಂದ ಕಟ್ಟಿ ವಾಪಸ್ ಪಡೆದ ಬಿಲ್‌ಗಳು. ಇವು ಹೆಚ್ಚಾಗಿ ವ್ಯಕ್ತಿಯ ಹೆಸರಿನಲ್ಲೇ ಇರುತ್ತವೆ. ಬಿಲ್ಲಿನಲ್ಲಿ ಕಚೇರಿಯ ಜಿಎಸ್‌ಟಿ ಸಂಖ್ಯೆ ಇರದಿದ್ದರೆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಕೈಗೆ ಬರುವುದಿಲ್ಲ.

ಸಿಕ್ಕಿದ್ದನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಬರೆದರೆ ಸಾಕು. ಹೆಸರು, ಎಷ್ಟು ಜನರಿಗೆ, ಮೊತ್ತ, ಯಾವ ಇಮೇಲ್‌ನಲ್ಲಿ ಖಾತೆ, ಯಾವ ಕಾರ್ಡ್, ಯಾರ ಹೊಣೆ, ತಪ್ಪಿದರೆ ಏನಾಗುತ್ತದೆ ಎಂಬ ಅಂಕಣಗಳು ಬೇಕು. ಪಾಸ್‌ವರ್ಡ್ ಮಾತ್ರ ಈ ಹಾಳೆಯಲ್ಲಿ ಇರಕೂಡದು.

ದಿನಾಂಕಕ್ಕೆ ಒಂದಲ್ಲ, ಎರಡು ಅಂಕಣ ಬೇಕು. ಒಂದು ನವೀಕರಣದ ದಿನ, ಇನ್ನೊಂದು ತೀರ್ಮಾನದ ದಿನ. ನಮ್ಮ ಕಚೇರಿ ಗೂಗಲ್ ವರ್ಕ್‌ಸ್ಪೇಸ್‌ನ ವಾರ್ಷಿಕ ಯೋಜನೆಯಲ್ಲಿ 14 ಖಾತೆ ಕೊಂಡಿತ್ತು, ಇಬ್ಬರು ಕೆಲಸ ಬಿಟ್ಟರು ಎನ್ನಿ. ವರ್ಷದ ನಡುವೆ ಖಾತೆ ಹೆಚ್ಚಿಸಬಹುದು, ಕಡಿಮೆ ಮಾಡಲಾಗದು. ಅದಕ್ಕೆ ನವೀಕರಣದವರೆಗೆ ಕಾಯಬೇಕು. ಆ ದಿನ ತಪ್ಪಿದರೆ ಬಳಸುವವರಿಲ್ಲದ ಎರಡು ಖಾತೆಗೆ ಇನ್ನೊಂದು ವರ್ಷ ಹಣ ಹೋಗುತ್ತದೆ. ಆದ್ದರಿಂದ ತೀರ್ಮಾನದ ದಿನವನ್ನು ಒಂದು ತಿಂಗಳು ಮುಂಚೆಯೇ ಕ್ಯಾಲೆಂಡರಿನಲ್ಲಿ ಹಾಕಿಡಬೇಕು.

ಹಣ ತಾನಾಗಿ ಕಡಿತವಾಗುತ್ತದೆ ಎಂಬ ನೆಮ್ಮದಿಗೂ ಮಿತಿಯುಂಟು. ಕಾರ್ಡಿನಿಂದ ಆಗುವ ಇಂಥ ಆಟೋ ಪಾವತಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್ 1ರಿಂದ ಪೂರ್ತಿ ಜಾರಿಗೆ ಬಂದವು. ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕ್ ತಿಳಿಸಬೇಕು. ಓಟಿಪಿ ಇಲ್ಲದೆ ಕಡಿತವಾಗಬಹುದಾದ ಮೊತ್ತ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ ಅದು 15,000 ಆಯಿತು. ಹೀಗಾಗಿ ವಿನ್ಯಾಸದ ಸಾಫ್ಟ್‌ವೇರಿಗೆ ತಿಂಗಳಿಗೆ 4,000 ರೂಪಾಯಿ ಸದ್ದಿಲ್ಲದೆ ಹೋಗುತ್ತಿದ್ದುದು, ವಾರ್ಷಿಕ ಬಿಲ್ಲಾದಾಗ ಮಾಲೀಕರ ಫೋನಿನಲ್ಲಿ ಒಪ್ಪಿಗೆಗೆ ಕಾಯುತ್ತಾ ನಿಲ್ಲುತ್ತದೆ. ಕಾರ್ಡ್ ಯಾರದ್ದು ಎಂಬ ಅಂಕಣ ಇರುವುದು ಇದಕ್ಕಾಗಿಯೇ.

ತಪ್ಪಿದರೆ ಆಗುವ ನಷ್ಟ ಎಲ್ಲದಕ್ಕೂ ಒಂದೇ ಅಲ್ಲ. ಶಾಶ್ವತ ಪರವಾನಗಿಯ ಟ್ಯಾಲಿ ಪ್ರೈಮ್‌ಗೆ ಟಿಎಸ್‌ಎಸ್ ಎಂಬ ಸೇವಾ ಚಂದಾ ಇದೆ. ಅದು ಮುಗಿದರೂ ಇರುವ ಆವೃತ್ತಿಯಲ್ಲಿ ಲೆಕ್ಕ ಬರೆಯಬಹುದು. ಹೊಸ ಆವೃತ್ತಿ ಸಿಗುವುದಿಲ್ಲ. ಡಿಜಿಟಲ್ ಸಹಿಯ ಅವಧಿ ಮುಗಿದರೆ ಆ ಯುಎಸ್‌ಬಿ ಟೋಕನ್ನಿನಿಂದ ಹೊಸದಾಗಿ ಸಹಿ ಮಾಡಲಾಗದು.

ಎಲ್ಲಕ್ಕಿಂತ ಕಷ್ಟ ಡೊಮೈನ್‌ನದು. ವೆಬ್‌ಸೈಟ್ ಮಾಡಿಕೊಟ್ಟವರೇ ಅದನ್ನು ತಮ್ಮ ಖಾತೆಯಲ್ಲಿ ನೋಂದಾಯಿಸಿರುವುದು ಸಣ್ಣ ಕಚೇರಿಗಳಲ್ಲಿ ಸಾಮಾನ್ಯ. ನೆನಪಿನ ಮೇಲ್‌ಗಳು ಅವರಿಗೆ ಹೋಗುತ್ತವೆ. ಖಾತೆ ಕಚೇರಿಯ ಹೆಸರಿನಲ್ಲೇ ಇದ್ದರೂ ಇನ್ನೊಂದು ಬಲೆ ಇದೆ: ಸಂಪರ್ಕದ ಇಮೇಲ್ ಅದೇ ಡೊಮೈನ್‌ನದಾಗಿದ್ದರೆ, ಡೊಮೈನ್ ನಿಂತ ದಿನ ಆ ಮೇಲ್ ಕೂಡ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ತಲುಪುವುದಿಲ್ಲ. .com ಹೆಸರಿಗೆ ಅವಧಿ ಮುಗಿದ ಮೇಲೆ ನೋಂದಣಿದಾರ ಕಂಪನಿ ಗರಿಷ್ಠ 45 ದಿನ ಕಾಯಬಹುದು, ಕಾಯಲೇಬೇಕೆಂದಿಲ್ಲ. ಹೆಸರು ಅಳಿಸಿದ ನಂತರದ 30 ದಿನಗಳಲ್ಲಿ ಹೆಚ್ಚು ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಆಮೇಲೆ ಐದು ದಿನ ಕಳೆದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು.

ಹೊಣೆಯ ಅಂಕಣದಲ್ಲಿ ‘ಅಕೌಂಟ್ಸ್ ವಿಭಾಗ’ ಎಂದು ಬರೆದರೆ ಅದು ಯಾರ ಹೊಣೆಯೂ ಅಲ್ಲದಂತಾಗುತ್ತದೆ. ಒಬ್ಬರ ಹೆಸರು, ಅವರು ರಜೆಯಲ್ಲಿದ್ದರೆ ನೋಡಿಕೊಳ್ಳುವ ಇನ್ನೊಬ್ಬರ ಹೆಸರು ಇರಬೇಕು. ಖಾತೆಯ ಇಮೇಲ್ ಮಾತ್ರ ವ್ಯಕ್ತಿಯದಾಗದೆ, ಇಬ್ಬರಿಗೂ ತಲುಪುವ ಕಚೇರಿಯ ಸಾಮಾನ್ಯ ವಿಳಾಸವಾಗಿರಲಿ. ಡೊಮೈನ್‌ಗಷ್ಟೇ ಹೊರಗಿನ ವಿಳಾಸ ಕೊಡಬೇಕು. ಯಾರಾದರೂ ರಾಜೀನಾಮೆ ಕೊಟ್ಟಾಗ ಹಾಳೆಯನ್ನು ಅವರ ಹೆಸರಿನಿಂದ ಸೋಸಿದರೆ, ಕೊನೆಯ ಕೆಲಸದ ದಿನದೊಳಗೆ ಯಾವ ಖಾತೆ, ಯಾವ ಕಾರ್ಡ್, ಯಾವ ಫೋನ್ ಸಂಖ್ಯೆ ಬದಲಾಗಬೇಕು ಎಂಬುದು ತೆರೆಯ ಮೇಲೇ ಕಾಣುತ್ತದೆ.