ಲೋಡ್ ತಪ್ಪಿದಾಗ ಬರೆಯಬೇಕಾದ ನೋಟಿಸ್

ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಒಂದು ಸಣ್ಣ ಘಟಕವಿದೆ ಎಂದುಕೊಳ್ಳಿ. ಗಾಜಿನ ಬಾಟಲಿಗಾಗಿ ಬೆಂಗಳೂರಿನ ಸಪ್ಲೈಯರ್ ಒಬ್ಬರ ಜೊತೆ ಒಂದು ವರ್ಷದ ಕರಾರಾಗಿದೆ. ಪ್ರತಿ ತಿಂಗಳ 5ನೇ ತಾರೀಕಿನೊಳಗೆ 8,000 ಬಾಟಲಿ ಬರಬೇಕು, ಒಂದಕ್ಕೆ 14 ರೂಪಾಯಿ. ಅವಧಿ ಪಾಲನೆ ಈ ಕರಾರಿನ ಮುಖ್ಯ ಷರತ್ತು ಎಂದೂ ಬರೆದಿದೆ. ಫೆಬ್ರುವರಿಯಲ್ಲಿ ಬಂದದ್ದು 5,000 ಮಾತ್ರ, ಅದೂ 19ಕ್ಕೆ. ಮಾರ್ಚ್ 5 ದಾಟಿದರೂ ಲಾರಿಯ ಸುಳಿವಿಲ್ಲ. ಫೋನ್ ಮಾಡಿದಾಗಲೆಲ್ಲ "ನಾಳೆ ಲೋಡ್ ಆಗತ್ತೆ ಸಾರ್" ಎನ್ನುವ ಉತ್ತರ.

ಮಾಲೀಕರಿಗೆ ಸಿಟ್ಟು ಬಂದು ಅಂದೇ ಕರಾರು ಮುರಿದುಬಿಡೋಣ ಅನ್ನಿಸುವುದು ಸಹಜ. ಆದರೆ ಅವರ ಕರಾರಿನಲ್ಲಿ ಇನ್ನೊಂದು ಷರತ್ತಿದೆ: ಲೋಪವಾದರೆ ಲಿಖಿತ ನೋಟಿಸ್ ಕೊಡಬೇಕು, ಅದು ತಲುಪಿದ ಮೇಲೆ ಸರಿಪಡಿಸಲು 15 ದಿನ ಬಿಡಬೇಕು, ಆಮೇಲಷ್ಟೇ ರದ್ದು. ಈ ಮೆಟ್ಟಿಲು ಹಾರಿದರೆ ತಪ್ಪು ಮಾಡಿದವರ ಜಾಗದಲ್ಲಿ ಮಾಲೀಕರೇ ನಿಲ್ಲಬೇಕಾದೀತು. ಅದಲ್ಲದೆ, ಕಂತು ಕಂತಾಗಿ ಮಾಲು ಬಂದು ಕಂತಿಗೊಮ್ಮೆ ಹಣ ಕೊಡುವ ಕರಾರುಗಳಲ್ಲಿ ಒಂದೆರಡು ಕಂತು ತಪ್ಪಿದ ಮಾತ್ರಕ್ಕೆ ಇಡೀ ಕರಾರೇ ಮುರಿಯಿತು ಎನ್ನಲಾಗದು. ಕರಾರಿನ ಮಾತು ಮತ್ತು ಸಂದರ್ಭ ನೋಡಿಯೇ ಅದನ್ನು ತೀರ್ಮಾನಿಸಬೇಕು ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ 38ನೇ ಸೆಕ್ಷನ್.

ಹಾಗೆಂದು ಸುಮ್ಮನಿರುವುದೂ ದುಬಾರಿ. 1872ರ ಕರಾರು ಕಾಯ್ದೆಯ 55ನೇ ಸೆಕ್ಷನ್‌ನ ಕೊನೆಯ ಭಾಗವನ್ನು ವ್ಯಾಪಾರಿಗಳು ಹೆಚ್ಚಾಗಿ ಗಮನಿಸುವುದಿಲ್ಲ. ಅವಧಿಯೇ ಮುಖ್ಯವಾದ ಕರಾರಿನಲ್ಲಿ ತಡವಾಗಿ ಬಂದ ಮಾಲನ್ನು ಇಳಿಸಿಕೊಂಡರೆ, ಇಳಿಸಿಕೊಳ್ಳುವಾಗಲೇ 'ಪರಿಹಾರ ಕೇಳುತ್ತೇನೆ' ಎಂದು ತಿಳಿಸಿರಬೇಕು. ಇಲ್ಲದಿದ್ದರೆ ಆ ತಡದಿಂದಾದ ನಷ್ಟವನ್ನು ಮತ್ತೆ ಕೇಳುವಂತಿಲ್ಲ. ಫೆಬ್ರುವರಿ 19ರಂದು ನಮ್ಮ ಮಾಲೀಕರು ಏನೂ ಹೇಳದೆ ಚಲನ್‌ಗೆ ಸಹಿ ಹಾಕಿದ್ದರೆ, ಆ 5,000 ಬಾಟಲಿ ತಡವಾದದ್ದರ ಪರಿಹಾರ ಅಲ್ಲಿಗೇ ಮುಗಿಯಿತು. ಬಾರದೇ ಉಳಿದ 3,000ದ ಹಕ್ಕು ಮಾತ್ರ ಉಳಿದಿದೆ. ತಿಂಗಳುಗಟ್ಟಲೆ ಹೀಗೇ ಸಹಿಸುತ್ತಾ ಹೋದರೆ, ತಾರೀಕು ಅಷ್ಟು ಮುಖ್ಯವೇನೂ ಆಗಿರಲಿಲ್ಲ ಎಂದು ಸಪ್ಲೈಯರ್ ವಾದಿಸಲೂ ದಾರಿಯಾಗುತ್ತದೆ.

ಹಾಗಾಗಿ ಮಾರ್ಚ್ 10ಕ್ಕೆ ನೋಟಿಸ್ ಹೊರಡುತ್ತದೆ. ಅದರಲ್ಲಿ ಬೈಗುಳ ಬೇಡ, 'ಪದೇ ಪದೇ ವಿಳಂಬ' ಎಂಬಂಥ ತೇಲುಮಾತೂ ಬೇಡ. ಕರಾರಿನ ತಾರೀಕು, ಷರತ್ತಿನ ಸಂಖ್ಯೆ, ಬರಬೇಕಿದ್ದ ದಿನ, ಬಂದ ದಿನ, ಬಾಕಿ ಎಷ್ಟು, ಇಷ್ಟು ಸಾಕು. ಬೇಡಿಕೆಯೂ ಅಷ್ಟೇ ಖಚಿತವಾಗಿರಲಿ: "ಫೆಬ್ರುವರಿಯ ಬಾಕಿ 3,000, ಮಾರ್ಚ್‌ನ 8,000, ಒಟ್ಟು 11,000 ಬಾಟಲಿಗಳನ್ನು ಈ ನೋಟಿಸ್ ತಲುಪಿದ 15 ದಿನಗಳೊಳಗೆ ಸಾಗರದ ನಮ್ಮ ಗೋದಾಮಿಗೆ ತಲುಪಿಸಿ." ಕೊನೆಗೆ ಹಕ್ಕು ಕಾಯ್ದಿರಿಸುವ ಮಾತು: "ತಪ್ಪಿದರೆ ಕರಾರನ್ನು ರದ್ದುಪಡಿಸುವ ಹಾಗೂ ನಷ್ಟ ಪರಿಹಾರ ಕೇಳುವ ಹಕ್ಕು ನಮಗಿದೆ. ಈ ನಡುವೆ ನಾವು ಮಾಲು ಸ್ವೀಕರಿಸಿದರೂ ಆ ಹಕ್ಕುಗಳನ್ನು ಬಿಟ್ಟುಕೊಟ್ಟಂತಲ್ಲ." ಇಲ್ಲಿ ರದ್ದು ಮಾಡುತ್ತಿಲ್ಲ, ರದ್ದು ಮಾಡಬಹುದು ಎನ್ನುತ್ತಿದ್ದೇವೆ, ಅಷ್ಟೇ. ಒಂದೇ ಕಾಗದದಲ್ಲಿ 'ಸರಿಪಡಿಸಿ' ಎಂದೂ 'ರದ್ದಾಯಿತು' ಎಂದೂ ಬರೆದರೆ ಎರಡೂ ಕೆಡುತ್ತವೆ.

ನೋಟಿಸನ್ನು ಕರಾರಿನಲ್ಲಿ ಕೊಟ್ಟಿರುವ ವಿಳಾಸಕ್ಕೆ, ಅಲ್ಲಿ ಹೇಳಿರುವ ರೀತಿಯಲ್ಲೇ ಕಳಿಸಬೇಕು. ವಾಟ್ಸಾಪ್ ಮೆಸೇಜು ನೆನಪೋಲೆಯಾಗಿ ಇರಲಿ, ಅದನ್ನೇ ನೋಟಿಸ್ ಎಂದು ನೆಚ್ಚಿಕೊಳ್ಳಬೇಡಿ. ತಲುಪಿದ ದಿನದ ದಾಖಲೆಯನ್ನು ಕಾಗದದ ಜೊತೆಗೇ ಇಟ್ಟುಕೊಳ್ಳಿ. ಅಂಚೆ 12ಕ್ಕೆ ತಲುಪಿತು ಎಂದಾದರೆ 15 ದಿನ ಮುಗಿಯುವುದು 27ಕ್ಕೆ. ಬರೆದ ದಿನದಿಂದಲೇ ಎಣಿಸಿ 25ಕ್ಕೆ ಗಡುವು ಮುಗಿಯಿತೆಂದು 26ಕ್ಕೆ ರದ್ದು ಪತ್ರ ಕಳಿಸಿದರೆ, ಇಷ್ಟು ದಿನ ಕಾದದ್ದೂ ದಂಡ.

ಗಡುವಿನೊಳಗೆ 4,000 ಬಾಟಲಿ ಬಂದವು ಎನ್ನೋಣ. ಇಳಿಸಿಕೊಳ್ಳಿ, ಆದರೆ ಚಲನ್ ಮೇಲೆ "ತಡವಾಗಿ ಬಂದಿದೆ, ಹಕ್ಕು ಕಾಯ್ದಿರಿಸಿ ಸ್ವೀಕರಿಸಲಾಗಿದೆ" ಎಂದು ಬರೆದು ಸಹಿ ಹಾಕಿ. 28ಕ್ಕೆ ರದ್ದು ಪತ್ರ ಹೋಗುತ್ತದೆ. ಬಾಕಿ 7,000 ಬಾಟಲಿಯನ್ನು ಬೇರೆ ಕಡೆ 17 ರೂಪಾಯಿಗೆ ಕೊಂಡರೆ, ಬಾಟಲಿಗೆ 3 ರೂಪಾಯಿಯಂತೆ 21,000 ರೂಪಾಯಿ ಹೆಚ್ಚುವರಿ ಖರ್ಚು. 73ನೇ ಸೆಕ್ಷನ್ ಅಡಿ ಅದನ್ನು ಕೇಳಬಹುದು, ಬಿಲ್ಲುಗಳಿರಬೇಕು. 17ಕ್ಕೆ ಸಿಗುವಾಗ 22 ಕೊಟ್ಟು ತಂದು ಅಷ್ಟನ್ನೂ ಕೇಳಲಾಗದು. ಸಿಗುವ ದಾರಿಯಲ್ಲಿ ನಷ್ಟ ತಗ್ಗಿಸಿಕೊಂಡಿದ್ದೀರಾ ಎಂಬುದನ್ನೂ ನೋಡಲಾಗುತ್ತದೆ.

ಇಷ್ಟೆಲ್ಲ ಆದಮೇಲೂ ಸಪ್ಲೈಯರ್ ಕೈಯಲ್ಲಿ ಒಂದು ಗಟ್ಟಿ ಉತ್ತರ ಇರಬಹುದು: "ಜನವರಿಯ ಬಿಲ್ಲೇ ಕೊಟ್ಟಿಲ್ಲವಲ್ಲ." ಅವರದು ಸಣ್ಣ ಉದ್ಯಮವೆಂದು ನೋಂದಾಯಿತವಾಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕರಾರು ಏನೇ ಹೇಳಿದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಸಂದಾಯವಾಗಬೇಕು. ಆದ್ದರಿಂದ ನೋಟಿಸ್ ಟೈಪ್ ಮಾಡಲು ಕೊಡುವ ಮುನ್ನ ನಿಮ್ಮ ಕಡೆಯ ಲೆಡ್ಜರ್ ತೆಗೆದು, ಆ ಸಪ್ಲೈಯರ್‌ಗೆ ಬಾಕಿ ಏನಾದರೂ ಇದೆಯೇ ನೋಡಿ. ಇದ್ದರೆ ಮೊದಲು ಅದನ್ನು ಕೊಟ್ಟುಬಿಡಿ.