ಸುಳ್ಳು ಶಾಕ್, ನಿಜವಾದ ನಡುಕ

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟಾನ್ಲಿ ಮಿಲ್‌ಗ್ರಾಂ ನೆನಪಿನ ಶಕ್ತಿಯ ಅಧ್ಯಯನವೆಂದು ಹೇಳಿ ಜನರನ್ನು ಕರೆಸಿದರು. ಪಕ್ಕದ ಕೋಣೆಯಲ್ಲಿದ್ದವನು ಉತ್ತರ ತಪ್ಪಿದಾಗಲೆಲ್ಲ ಅವನಿಗೆ ಶಾಕ್ ಕೊಡುವುದು, ವೋಲ್ಟ್ ಏರಿಸುತ್ತ ಹೋಗುವುದು ಅವರ ಕೆಲಸ. ಶಾಕ್ ಸುಳ್ಳು, ಚೀರಾಟ ನಟನೆ, ಪರೀಕ್ಷೆಗೊಳಗಾಗಿದ್ದು ವಿಧೇಯತೆ. ಮೊದಲು ಪ್ರಕಟವಾದ ಪ್ರಯೋಗದ 40 ಮಂದಿಯಲ್ಲಿ 26 ಮಂದಿ 450 ವೋಲ್ಟಿನ ಕೊನೆಯ ಸ್ವಿಚ್ಚನ್ನೂ ಒತ್ತಿದರು. ಹಲವರು ಬೆವರಿದರು, ನಡುಗಿದರು.

ಅವರು ಒಪ್ಪಿಗೆ ಕೊಟ್ಟೇ ಬಂದಿದ್ದರು, ನಿಜ. ಆದರೆ ಯಾವುದಕ್ಕೆ ಒಪ್ಪಿದ್ದೇವೆಂಬುದೇ ಗೊತ್ತಿರಲಿಲ್ಲ. ಹಿಂಜರಿದವರಿಗೆ ‘ಮುಂದುವರಿಸಿ’ ಎಂಬ ಆದೇಶವೇ ಸಿಗುತ್ತಿತ್ತು. 1964ರಲ್ಲಿ ಡಯಾನಾ ಬಾಮ್‌ರಿಂಡ್ ಇದನ್ನು ಕಟುವಾಗಿ ಟೀಕಿಸಿದರು. ಕೊನೆಯಲ್ಲಿ ಎಲ್ಲರನ್ನೂ ಸಮಾಧಾನಪಡಿಸಿ ಕಳಿಸಿದ್ದಾಗಿ ಮಿಲ್‌ಗ್ರಾಂ ಸಮರ್ಥಿಸಿಕೊಂಡರು. ಆದರೆ ಶಾಕ್ ಸುಳ್ಳೆಂಬುದು ಹಲವರಿಗೆ ತಿಳಿದದ್ದು ತಿಂಗಳುಗಳ ನಂತರ.

ಅಮೆರಿಕದ ಮನೋವಿಜ್ಞಾನ ಸಂಘದ ಈಗಿನ ಸಂಹಿತೆಯ ಪ್ರಕಾರ, ಬೇರೆ ದಾರಿಯಿಲ್ಲದಿದ್ದರೆ ಮಾತ್ರ ನಿಜ ಮುಚ್ಚಿಡಬಹುದು. ತೀವ್ರ ಮಾನಸಿಕ ಯಾತನೆ ಆಗುವಂತಿದ್ದರೆ ಅದೂ ಸಲ್ಲದು. ಸತ್ಯವನ್ನು ಆದಷ್ಟು ಬೇಗ ತಿಳಿಸಬೇಕು, ಬೇಡವೆಂದವರ ಮಾಹಿತಿಯನ್ನು ಕೈಬಿಡಬೇಕು.