ಸ್ಟೀರಿಂಗ್ ದಿಢೀರ್ ಬಿಗಿಯಾದಾಗ

2010ರ ಮಾರ್ಚ್‌ನಲ್ಲಿ ಜನರಲ್ ಮೋಟರ್ಸ್ ಕಂಪನಿ ಅಮೆರಿಕ, ಕೆನಡಾ, ಮೆಕ್ಸಿಕೋಗಳಲ್ಲಿ ಮಾರಿದ್ದ ಸುಮಾರು 13 ಲಕ್ಷ ಕಾರುಗಳನ್ನು ದುರಸ್ತಿಗೆ ವಾಪಸು ಕರೆಸಿತು. ಹೆಚ್ಚಿನವು ಷೆವರ್ಲೆ ಕೋಬಾಲ್ಟ್ ಕಾರುಗಳು. ಓಡುತ್ತಿರುವಾಗಲೇ ಪವರ್ ಸ್ಟೀರಿಂಗ್ ಕೈಕೊಡುತ್ತದೆ ಎಂಬುದು ದೂರು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆಗೆ ಇಂಥ 1,100ಕ್ಕೂ ಹೆಚ್ಚು ದೂರುಗಳು ಬಂದಿದ್ದವು. 14 ಅಪಘಾತಗಳೂ ಒಬ್ಬರು ಗಾಯಗೊಂಡದ್ದೂ ಅದೇ ಕಡತದಲ್ಲಿ ದಾಖಲಾಗಿದ್ದವು. ಆಗ ಕಂಪನಿ ಕೊಟ್ಟ ವಿವರಣೆಯಲ್ಲಿ ಒಂದು ಮಾತು ಗಮನಿಸುವಂತಿತ್ತು: ಸಹಾಯ ನಿಂತುಹೋದರೂ ಕಾರನ್ನು ತಿರುಗಿಸಬಹುದು, ಆದರೆ ಗಂಟೆಗೆ 15 ಮೈಲಿ, ಅಂದರೆ 24 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಹೆಚ್ಚು ಬಲ ಬೇಕಾಗುತ್ತದೆ.

ವೇಗ ಕಡಿಮೆಯಾದಷ್ಟೂ ಕಷ್ಟ ಹೆಚ್ಚು. ಇದು ಎಲ್ಲ ಕಂಪನಿಗಳ ಕಾರಿಗೂ ಅನ್ವಯಿಸುತ್ತದೆ, ಚಾಲಕರು ಎಡವುವುದೂ ಇಲ್ಲಿಯೇ.

ಇಂದಿನ ಬಹುತೇಕ ಕಾರುಗಳಲ್ಲಿರುವುದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. ಚಾಲಕ ಚಕ್ರವನ್ನು ತಿರುಗಿಸಲು ಹೊರಟಾಗ ಸ್ಟೀರಿಂಗ್ ಕಂಬದೊಳಗಿನ ಸಣ್ಣ ಉಕ್ಕಿನ ಸರಳು ಒಂದಿಷ್ಟೇ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಸೆನ್ಸರ್ ಅಳೆಯುತ್ತದೆ. ಕೈ ಎಷ್ಟು ಬಲ ಹಾಕುತ್ತಿದೆ, ಕಾರು ಎಷ್ಟು ವೇಗದಲ್ಲಿದೆ ಎಂಬ ಲೆಕ್ಕ ಹಾಕಿ ಕಂಟ್ರೋಲ್ ಯೂನಿಟ್ ಒಂದು ಮೋಟರಿಗೆ ಕರೆಂಟು ಕಳಿಸುತ್ತದೆ. ಆ ಮೋಟರು ಕೈಗೆ ಕೈ ಜೋಡಿಸುತ್ತದೆ, ಅಷ್ಟೇ. ಚಕ್ರದಿಂದ ಟೈರಿನವರೆಗಿನ ಕಬ್ಬಿಣದ ಜೋಡಣೆ ಹಾಗೆಯೇ ಇರುತ್ತದೆ. ಆದ್ದರಿಂದ ಮೋಟರು ನಿಂತರೂ ದಿಕ್ಕು ಕೈಯಲ್ಲಿಯೇ ಇದೆ. ವಿಶ್ವಸಂಸ್ಥೆಯ 79ನೇ ವಾಹನ ನಿಯಮದ ಪ್ರಕಾರ, ಸಹಾಯ ಪೂರ್ತಿ ಕೆಟ್ಟಾಗಲೂ ಪ್ರಯಾಣಿಕ ಕಾರಿನ ಚಕ್ರ ತಿರುಗಿಸಲು 300 ನ್ಯೂಟನ್‌ಗಿಂತ, ಸುಮಾರು 30 ಕಿಲೋ ತೂಕ ಎತ್ತುವಷ್ಟು ಬಲಕ್ಕಿಂತ, ಹೆಚ್ಚು ಬೇಕಾಗಬಾರದು. ಮೈಕೈ ಗಟ್ಟಿ ಇರುವವರಿಗೆ ಇದು ದೊಡ್ಡದಲ್ಲ. ಆದರೆ ಒಂದು ಬೆರಳಲ್ಲಿ ಚಕ್ರ ತಿರುಗಿಸಿ ರೂಢಿಯಾದವರಿಗೆ ಆ ಕ್ಷಣದಲ್ಲಿ ಸ್ಟೀರಿಂಗ್ ಲಾಕ್ ಆಯಿತು ಎಂದೇ ಅನಿಸುತ್ತದೆ. ಹಾಗಂದುಕೊಂಡು ತಿರುಗಿಸುವುದನ್ನೇ ಬಿಟ್ಟರೆ ಅಪಾಯ.

ಹೆದ್ದಾರಿಯಲ್ಲಿ ಕಥೆ ಬೇರೆ. ಎಂಬತ್ತರ ವೇಗದಲ್ಲಿ ಹೋಗುವಾಗ ಮೋಟರಿನ ಸಹಾಯ ಹೇಗೂ ಅಲ್ಪ. ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಚಿತ್ರದ ಪಕ್ಕ ಆಶ್ಚರ್ಯಸೂಚಕ ಚಿಹ್ನೆಯೋ EPS ಎಂಬ ಅಕ್ಷರಗಳೋ ಹೊತ್ತಿಕೊಂಡರೂ ಕೈಗೆ ಏನೂ ವ್ಯತ್ಯಾಸ ಗೊತ್ತಾಗದಿರಬಹುದು. ‘ಏನೂ ಆಗಿಲ್ಲವಲ್ಲ’ ಎಂದು ಮುಂದುವರಿದವರಿಗೆ ಸರ್ವಿಸ್ ರಸ್ತೆಗೆ ಇಳಿದು ಎಡಕ್ಕೆ ತಿರುಗಿಸುವಾಗ ಚಕ್ರ ಅಲುಗುವುದೇ ಇಲ್ಲವೇನೋ ಅನ್ನಿಸುತ್ತದೆ.

ಒಂದು ಸಂದರ್ಭ ಊಹಿಸೋಣ. ಮೂಡಿಗೆರೆಯಿಂದ ಉಜಿರೆಗೆ ಹೊರಟ ಕಾರಿನಲ್ಲಿ ಬಣಕಲ್ ದಾಟುವಾಗ ಆ ದೀಪ ಹೊತ್ತಿತು. ರಸ್ತೆ ಅಷ್ಟು ಕಷ್ಟದ್ದಲ್ಲ, ಸ್ಟೀರಿಂಗ್ ತುಸು ಭಾರ ಎನ್ನಿಸಿತು, ಅಷ್ಟೇ. ಮುಂದೆ ಕೊಟ್ಟಿಗೆಹಾರ, ಆಮೇಲೆ ಚಾರ್ಮಾಡಿ ಘಾಟಿ. ಘಾಟಿಯ ಹಿಮ್ಮುರಿ ತಿರುವೆಂದರೆ ವೇಗವೂ ಕಡಿಮೆ, ಚಕ್ರವೂ ಪೂರ್ತಿ ತಿರುಗಬೇಕು. ಮೋಟರಿನ ಸಹಾಯ ಅತಿ ಹೆಚ್ಚು ಬೇಕಾದ ಜಾಗ ಅದೇ. ಹಾಗಾಗಿ ಆ ಚಾಲಕ ಕೊಟ್ಟಿಗೆಹಾರದಲ್ಲೇ ನಿಲ್ಲಬೇಕು. ಅಲ್ಲಿ ಅಂಗಡಿಗಳಿವೆ, ನೀರುದೋಸೆ ಸಿಗುತ್ತದೆ, ಜನ ಇರುತ್ತಾರೆ. ಘಾಟಿಯ ನಡುವೆ ಇದಾವುದೂ ಇಲ್ಲ.

ಘಾಟಿಗೆ ಇಳಿದ ಮೇಲೆಯೇ ಕೆಟ್ಟರೆ? ಎರಡೂ ಕೈ ಚಕ್ರದ ಅಕ್ಕಪಕ್ಕದಲ್ಲಿರಲಿ, ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ತೋಳಿನ ಬಲದ ಜೊತೆ ಭುಜದ ಬಲವನ್ನೂ ಹಾಕಿ ಒಂದು ಕೈ ತಳ್ಳಲಿ, ಇನ್ನೊಂದು ಎಳೆಯಲಿ. ವೇಗವನ್ನು ತಿರುವಿನಲ್ಲಲ್ಲ, ತಿರುವಿಗೆ ಮುಂಚಿನ ನೇರ ದಾರಿಯಲ್ಲೇ ತಗ್ಗಿಸಬೇಕು. ತಿರುವನ್ನು ಎಂದಿಗಿಂತ ತುಸು ಬೇಗ ಆರಂಭಿಸಬೇಕು, ಕಾರು ಉರುಳುತ್ತಿರುವಾಗಲೇ ತಿರುಗಿಸಬೇಕು. ಟೈರು ಉರುಳುತ್ತಿದ್ದರೆ ಬೇಕಾಗುವ ಬಲ, ನಿಂತಲ್ಲಿ ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ. ಚಕ್ರವನ್ನು ಜಗ್ಗಿ ಎಳೆಯುವುದು ಮಾತ್ರ ಬೇಡ. ಕೆಲವೊಮ್ಮೆ ಸಹಾಯ ಹೋದಷ್ಟೇ ದಿಢೀರನೆ ವಾಪಸು ಬರುತ್ತದೆ. ಆಗ ಮೈಬಲವೆಲ್ಲ ಹಾಕಿ ಎಳೆಯುತ್ತಿದ್ದವನ ಕಾರು ಒಂದೇ ಬಾರಿಗೆ ಪಕ್ಕಕ್ಕೆ ಹಾರುತ್ತದೆ.

ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಎಂದು ಹಲವರು ಕೇಳಿರುತ್ತಾರೆ. ಅದು ಸುಳ್ಳಲ್ಲ, ಆದರೆ ಕಾರು ಪೂರ್ತಿ ನಿಂತ ಮೇಲಷ್ಟೇ. ಇಳಿಜಾರಿನಲ್ಲಿ ಓಡುತ್ತಿರುವಾಗ ಎಂಜಿನ್ ಆರಿಸಿದರೆ ಬ್ರೇಕಿಗೆ ಸಿಗುತ್ತಿದ್ದ ಸಹಾಯವೂ ಒಂದೆರಡು ಒತ್ತಿಗೆ ಮುಗಿಯುತ್ತದೆ. ಕೀಲಿ ಹೊರಗೆ ಎಳೆದರಂತೂ ಸ್ಟೀರಿಂಗ್ ನಿಜವಾಗಿಯೂ ಲಾಕ್ ಆದೀತು. ಗೇರಿನಲ್ಲೇ ಇಳಿದು, ಎಡ ಇಂಡಿಕೇಟರ್ ಹಾಕಿ, ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಜಾರ್ಡ್ ದೀಪ ಹಾಕಿ, ಇಳಿಜಾರಿದ್ದರೆ ಚಕ್ರಕ್ಕೆ ಕಲ್ಲು ಕೊಟ್ಟು, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ, ತಿರುವಿದ್ದರೆ ತಿರುವಿಗೂ ಆಚೆ ಇಡಬೇಕು. ಆಮೇಲೆ ಕೆಲವು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ, ನಿಂತಲ್ಲೇ ಚಕ್ರವನ್ನು ತುಸು ತಿರುಗಿಸಿ ನೋಡಬಹುದು. ದೀಪ ಆರಿ ಚಕ್ರ ಹಗುರಾದರೂ ದೋಷ ಹೋಯಿತೆಂದಲ್ಲ. ಕೋಬಾಲ್ಟ್ ಕಾರುಗಳಲ್ಲಿಯೂ ಸಹಾಯ ಮರಳಿ ಬಂದು ಮತ್ತೆ ಹೋಗುತ್ತಿತ್ತು.

ಜೊತೆಗೆ ಬೇರೆ ಯಾವ ದೀಪ ಹೊತ್ತಿದೆ ಎಂಬುದನ್ನೂ ನೋಡಬೇಕು. ಬ್ಯಾಟರಿ ಚಿಹ್ನೆಯೂ ಕಂಡರೆ ಕಳ್ಳ ಸ್ಟೀರಿಂಗ್ ಅಲ್ಲ, ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್. ಆ ಮೋಟರು ಪಾರ್ಕಿಂಗ್ ಮಾಡುವಾಗ ಹತ್ತಾರು ಆಂಪಿಯರ್ ಕರೆಂಟು ಬೇಡುತ್ತದೆ. ವೋಲ್ಟೇಜ್ ಕುಸಿದರೆ ಕಂಟ್ರೋಲ್ ಯೂನಿಟ್ ಸಹಾಯವನ್ನು ಕಡಿತ ಮಾಡುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ 14 ವೋಲ್ಟಿನ ಆಸುಪಾಸು ಇರಬೇಕು. 12ಕ್ಕೆ ಇಳಿದಿದ್ದರೆ ಚಾರ್ಜ್ ಆಗುತ್ತಿಲ್ಲ. ಸಡಿಲ ಟರ್ಮಿನಲ್, ಹಸಿರು ಪಾಚಿಯಂತೆ ತುಕ್ಕು ಹಿಡಿದ ಕ್ಲಾಂಪ್, ನೀರು ನುಗ್ಗಿದ ಕನೆಕ್ಟರ್ ಕೂಡ ಇದೇ ಆಟ ಆಡಿಸುತ್ತವೆ. ಇಕ್ಕಟ್ಟಿನ ಬೀದಿಯಲ್ಲಿ ಕಾರನ್ನು ಹಿಂದೆ ಮುಂದೆ ಮಾಡಿ ಚಕ್ರವನ್ನು ತುದಿಯಿಂದ ತುದಿಗೆ ಹತ್ತಾರು ಸಲ ತಿರುಗಿಸಿದ ಮೇಲೆ ಭಾರವಾಯಿತೇ? ಮೋಟರು ಕಾದಿದೆ, ತಣ್ಣಗಾದರೆ ಸರಿಹೋಗುತ್ತದೆ. ಇನ್ನು ‘ಪವರ್ ಸ್ಟೀರಿಂಗ್ ಆಯಿಲ್ ಹಾಕೋಣ ಸಾರ್’ ಎನ್ನುವ ಮೆಕ್ಯಾನಿಕ್ಕಿಗೆ ಕಾರು ಬಿಡದಿರುವುದು ಲೇಸು. ಈ ಮಾದರಿಯಲ್ಲಿ ಆಯಿಲ್ ಹಾಕುವ ಡಬ್ಬಿಯೇ ಇಲ್ಲ.

ದೀಪ ಹೊತ್ತದೆಯೇ ಚಕ್ರ ಭಾರವಾಗಿ ಕಾರು ಒಂದು ಪಕ್ಕಕ್ಕೆ ಎಳೆದರೆ ಮೊದಲು ಮುಂದಿನ ಟೈರಿನ ಗಾಳಿ ನೋಡಬೇಕು. ಆದರೆ ಚಕ್ರ ತಿರುಗಿಸಿದರೂ ಟೈರು ತಿರುಗದಿದ್ದರೆ, ಲೊಟಲೊಟ ಎಂದು ಆಡಿದರೆ, ಇಲ್ಲವೇ ಚಕ್ರ ತಾನಾಗಿಯೇ ತಿರುಗಲು ಹೊರಟರೆ ಅದು ಭಾರದ ಸಮಸ್ಯೆಯಲ್ಲ. ಅಂಥ ಕಾರನ್ನು ಒಂದು ಫರ್ಲಾಂಗೂ ಓಡಿಸದೆ ಟೋಯಿಂಗ್ ಗಾಡಿ ಕರೆಸಬೇಕು.

ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತವರ ನೆರವಿಗೆ 1033, ತುರ್ತು ಅಪಾಯವಿದ್ದರೆ 112. ವರ್ಕ್‌ಶಾಪಿನಲ್ಲಿ ಬ್ಯಾಟರಿ ತಂತಿ ಬಿಚ್ಚುವ ಮುಂಚೆಯೇ ಸ್ಕ್ಯಾನರ್ ಹಚ್ಚಿ ದೋಷದ ಕೋಡ್ ಓದಲು ಹೇಳಿ. ಬಂದು ಹೋಗುವ ದೋಷಕ್ಕೆ ಹಲವು ಬಾರಿ ಅದೊಂದೇ ಸಾಕ್ಷಿ.